ಹಾಲು ಕರೆಯುವ ಯಂತ್ರಕ್ಕೆ ನಿಮ್ಮದೇ ದುರಸ್ತಿ ವೇಳಾಪಟ್ಟಿ



ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿಯಲ್ಲಿ ಹಾಲು ಕರೆಯುವ ಯಂತ್ರ ಮುಂಜಾನೆ ನಿಂತರೆ, ಗದಗ-ಬೆಟಗೇರಿಯಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಸಂಘಕ್ಕೆ ಹಾಲು ಹಾಕುವ ಹೊತ್ತು ಮೀರಿರುತ್ತದೆ. ಯಂತ್ರ ನಿಲ್ಲುವ ಮೊದಲೇ ಯಾವ ಭಾಗವನ್ನು ಯಾವಾಗ ನೋಡಬೇಕು ಎಂಬ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು. ಅದಕ್ಕೆ ಎರಡು ಪುಸ್ತಕ ಬೇಕು: ಕಂಪನಿ ಕೊಟ್ಟ ಕೈಪಿಡಿ ಮತ್ತು ನೀವು ಬರೆದಿಡುವ ದುರಸ್ತಿ ನೋಟುಬುಕ್ಕು.

ನೋಟುಬುಕ್ಕಿನಲ್ಲಿ ಏನು ಬರೆಯಬೇಕು?

ಯಂತ್ರ ಕೆಟ್ಟ ದಿನಾಂಕ, ಕೆಟ್ಟ ಭಾಗ, ಕಂಡ ಕಾರಣ, ಮಾಡಿದ ರಿಪೇರಿ. ಇಷ್ಟು ಸಾಕು. "ಮಷೀನು ಕೆಟ್ಟಿತ್ತು" ಎಂದಷ್ಟೇ ಬರೆದರೆ ಉಪಯೋಗವಿಲ್ಲ. "ಪಲ್ಸೇಟರ್ ನಿಂತಿತು, ಒಳಗೆ ಧೂಳು ಕೂತಿತ್ತು" ಎಂದು ಬರೆಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂಟು ಆಕಳು, ಒಂದೇ ಬಕೆಟ್ ಇರುವ ಮನೆಯ ಒಂದು ವರ್ಷದ ನೋಟುಬುಕ್ಕು ಹೀಗಿದೆ ಎನ್ನಿ:

ಜನವರಿ 12, ಫೆಬ್ರವರಿ 6, ಜುಲೈ 2, ಜುಲೈ 22: ಪಲ್ಸೇಟರ್ ನಿಂತಿತು, ಧೂಳು, ತೊಳೆದೆವು.
ಮಾರ್ಚ್ 4, ಏಪ್ರಿಲ್ 9: ಬೆಲ್ಟು ಹರಿಯಿತು, ಹೊಸದು ಹಾಕಿದೆವು.
ಮೇ 15: ವೋಲ್ಟೇಜ್ ಕಡಿಮೆ, ಮೋಟಾರು ಸುಟ್ಟಿತು.

ಇದನ್ನು ಓದುವುದು ಹೇಗೆ?

ಪಲ್ಸೇಟರನ್ನು ತಿಂಗಳಿಗೊಮ್ಮೆ ಸ್ವಚ್ಛ ಮಾಡಲು ಇವರ ಕೈಪಿಡಿ ಹೇಳಿದೆ. ಆದರೆ ಜೋಳ, ಕಡಲೆ ರಾಶಿಯ ದಿನಗಳಲ್ಲಿ ಮತ್ತು ಆಷಾಢದ ಗಾಳಿಯಲ್ಲಿ ನಮ್ಮ ಕೊಟ್ಟಿಗೆಗೆ ಬರುವ ಧೂಳು ಕಂಪನಿಯವರಿಗೆ ಗೊತ್ತಿಲ್ಲ. ತೊಳೆದ ಮೇಲೂ ಒಮ್ಮೆ 25 ದಿನಕ್ಕೆ, ಇನ್ನೊಮ್ಮೆ 20 ದಿನಕ್ಕೆ ನಿಂತಿದೆ. ಇದರಲ್ಲಿ ಕಡಿಮೆ ಅಂತರವನ್ನು ಹಿಡಿದು ಅದರ ಅರ್ಧಕ್ಕೆ, ಅಂದರೆ ಆ ತಿಂಗಳುಗಳಲ್ಲಿ 10 ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು. ಉಳಿದ ತಿಂಗಳುಗಳಲ್ಲಿ ಕೈಪಿಡಿಯ ಲೆಕ್ಕವೇ ಸರಿ.

ಬೆಲ್ಟಿನ ಮಾತು ಬೇರೆ. ಹೊಸ ಬೆಲ್ಟು 36 ದಿನಕ್ಕೇ ಹರಿದರೆ ಅದು ಸವೆತವಲ್ಲ. ತಿಂಗಳಿಗೊಮ್ಮೆ ಬೆಲ್ಟು ಬದಲಿಸುವುದು ಪರಿಹಾರವೂ ಅಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೋಟಾರಿನ ಮತ್ತು ಪಂಪಿನ ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ದಾರ ಎಳೆದು ಹಿಡಿಯಿರಿ. ಎರಡೂ ಪುಲ್ಲಿಗಳ ಅಂಚುಗಳಿಗೆ ದಾರ ತಾಗದಿದ್ದರೆ ಪುಲ್ಲಿ ಓರೆಯಾಗಿದೆ. ಮೊದಲು ಅದನ್ನು ಸರಿಪಡಿಸಿ.

ಮೋಟಾರಿಗೂ ವೇಳಾಪಟ್ಟಿಯಿಂದ ರಕ್ಷಣೆಯಿಲ್ಲ. ಕಡಿಮೆ ವೋಲ್ಟೇಜ್ ದಿನ ನೋಡಿ ಬರುವುದಿಲ್ಲ. ಅದಕ್ಕೆ ವೋಲ್ಟೇಜ್ ಇಳಿದಾಗ ತಾನೇ ಬಂದ್ ಮಾಡುವ ಸಾಧನ ಕೂಡಿಸಬೇಕು.

ನೋಟುಬುಕ್ಕು ಹೇಳದ ಮಾತು

ಈ ವರ್ಷದ ಲೆಕ್ಕದಲ್ಲಿ ಲೈನರಿನ ಹೆಸರೇ ಇಲ್ಲ. ಹಾಗೆಂದು ಲೈನರು ಚೆನ್ನಾಗಿದೆ ಎಂದಲ್ಲ. ಕಪ್ಪಿನೊಳಗಿನ ಈ ರಬ್ಬರು ಹರಿಯದೇ, ಯಂತ್ರ ನಿಲ್ಲಿಸದೇ ಬಿಗಿ ಕಳೆದುಕೊಳ್ಳುತ್ತದೆ. ಆಗ ಹಾಲು ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಮೊಲೆತೊಟ್ಟಿನ ತುದಿ ಒರಟಾಗುತ್ತದೆ. ರಬ್ಬರಿನ ಸಣ್ಣ ಬಿರುಕುಗಳಲ್ಲಿ ರೋಗಾಣು ಉಳಿದು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಹೀಗೆ ಸದ್ದಿಲ್ಲದೆ ಸವೆಯುವ ಭಾಗಗಳಿಗೆ ಕೈಪಿಡಿಯೇ ಆಧಾರ.

ರಬ್ಬರಿನ ಲೈನರಿಗೆ ಸಾಮಾನ್ಯವಾಗಿ ಹೇಳುವ ಆಯುಷ್ಯ 2500 ಕರೆಯುವಿಕೆ. ಎಂಟು ಆಕಳು, ದಿನಕ್ಕೆ ಎರಡು ಹೊತ್ತು ಎಂದರೆ ದಿನಕ್ಕೆ 16 ಆಯಿತು. 2500ನ್ನು 16ರಿಂದ ಭಾಗಿಸಿದರೆ 156 ದಿನ, ಅಂದರೆ ಸುಮಾರು ಐದು ತಿಂಗಳು. ನಿಮ್ಮ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ನಾಲ್ಕೂ ಲೈನರುಗಳನ್ನು ಒಟ್ಟಿಗೇ ಬದಲಿಸಿರಿ.

ಪಂಪು ಸೋಲುವುದೂ ಹೀಗೆಯೇ, ನಿಧಾನವಾಗಿ. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೆಂದು ಕೈಪಿಡಿಯಲ್ಲಿ ನೋಡಿ ಅಲ್ಲಿ ಬಣ್ಣದ ಗುರುತು ಹಾಕಿರಿ. ಮುಳ್ಳು ಗುರುತಿಗಿಂತ ಕೆಳಗಿದ್ದರೆ ಮೊದಲು ಪೈಪುಗಳಲ್ಲಿ ಗಾಳಿ ಸೋರುತ್ತಿದೆಯೇ ನೋಡಿ, ಆಮೇಲೆ ಪಂಪಿನ ಎಣ್ಣೆ, ಬೆಲ್ಟಿನ ಬಿಗಿ ನೋಡಿರಿ.

ಆ ಮನೆಯ ಪಟ್ಟಿ ಹೀಗಾಗುತ್ತದೆ

ಪ್ರತಿ ಹೊತ್ತು: ಪಂಪಿನ ಎಣ್ಣೆ, ಮೀಟರಿನ ಮುಳ್ಳು.
ವಾರಕ್ಕೊಮ್ಮೆ: ಬೆಲ್ಟಿನ ಬಿಗಿ, ಪೈಪುಗಳ ಬಿರುಕು.
ತಿಂಗಳಿಗೊಮ್ಮೆ, ಧೂಳಿನ ದಿನಗಳಲ್ಲಿ 10 ದಿನಕ್ಕೊಮ್ಮೆ: ಪಲ್ಸೇಟರ್ ಸ್ವಚ್ಛತೆ.
ಐದು ತಿಂಗಳಿಗೊಮ್ಮೆ: ಲೈನರ್ ಬದಲಾವಣೆ.
ಮನೆಯಲ್ಲಿ ಸದಾ ಇರಬೇಕಾದದ್ದು: ಒಂದು ಬೆಲ್ಟು, ಒಂದು ಜೊತೆ ಲೈನರು.

ಆಕಳುಗಳ ಸಂಖ್ಯೆ ಬದಲಾದರೆ ಲೈನರಿನ ಲೆಕ್ಕವನ್ನು ಮತ್ತೆ ಹಾಕಿರಿ. ಆರು ತಿಂಗಳಿಗೊಮ್ಮೆ ನೋಟುಬುಕ್ಕನ್ನೂ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿರಿ. ಪಟ್ಟಿಯಂತೆ ನಡೆದೂ ಅದೇ ಭಾಗ ಕೆಟ್ಟಿದ್ದರೆ ಅಂತರ ಇನ್ನೂ ಕಡಿಮೆ ಆಗಬೇಕು, ಇಲ್ಲವೇ ಕಾರಣ ಬೇರೆ ಇದೆ.