ಅಜ್ಜಿಯ ಹುಟ್ಟಿದಬ್ಬಕ್ಕೆ ಅಜ್ಜಿಯದೇ ಮಾತು: ಏಳು ಸೂತ್ರಗಳು

ಫಾರ್ವರ್ಡ್ ಆಗಿ ಬಂದ ಪದ್ಯವನ್ನು ಅಜ್ಜಿಗೆ ಕಳಿಸಿ ತಪ್ಪಿಸಿಕೊಳ್ಳುವುದು ಕಷ್ಟ. ಯಾಕೆಂದರೆ ಆ ಪದ್ಯ ಅವರಿಗೆ ನಿಮಗಿಂತ ಮೊದಲೇ ಬಂದಿರುತ್ತದೆ. ಬೆಳಗ್ಗೆ ಆರಕ್ಕೆಲ್ಲ ಗುಲಾಬಿ ಹೂವು, ನಂದಾದೀಪ, ಶುಭೋದಯಗಳನ್ನು ಐದು ಗ್ರೂಪಿಗೆ ಹಂಚಿಯೇ ಕಾಫಿ ಕುಡಿಯುವವರು ಅವರು. ‘ಅಕ್ಕರೆ’ಗೆ ‘ಸಕ್ಕರೆ’ ಪ್ರಾಸ ಹಾಕಿದ ಸಾಲು ಕಂಡರೆ ಎಲ್ಲಿಂದ ಬಂತೆಂದು ಥಟ್ಟನೆ ಗೊತ್ತಾಗುತ್ತದೆ. ಬಾಯಲ್ಲಿ ‘ಚೆನ್ನಾಗಿದೆ ಮಗೂ’ ಅನ್ನುತ್ತಾರೆ, ಅಷ್ಟೆ.

1. ನೀವು ಕರೆಯುವ ಹೆಸರಿನಿಂದಲೇ ಶುರುಮಾಡಿ

‘ಪ್ರೀತಿಯ ಅಜ್ಜಿಯವರಿಗೆ’ ಅಂತ ಮನೆಯಲ್ಲಿ ಯಾರೂ ಕರೆಯುವುದಿಲ್ಲ. ನಮ್ಮ ಪಶ್ಚಿಮ ಬೆಂಗಳೂರಿನ ಮಕ್ಕಳಿಗೆ ಅಜ್ಜಿಯರು ಬಡಾವಣೆಯ ಹೆಸರಲ್ಲೇ ಗುರುತು. ಅಪ್ಪನ ಅಮ್ಮ ‘ರಾಜಾಜಿನಗರದ ಅಜ್ಜಿ’, ಅಮ್ಮನ ಅಮ್ಮ ‘ಕೆಂಗೇರಿ ಅಜ್ಜಿ’. ಇಬ್ಬರೂ ವಿಜಯನಗರದಲ್ಲೇ ಇದ್ದರೆ ಒಬ್ಬರು ‘ಮಹಡಿ ಅಜ್ಜಿ’, ಇನ್ನೊಬ್ಬರು ‘ಮಾರುತಿ ಮಂದಿರದ ಅಜ್ಜಿ’. ಕೆಲವು ಮನೆಗಳಲ್ಲಿ ಅವ್ವ, ಕೆಲವೆಡೆ ಅಮ್ಮಮ್ಮ. ಮನೆಮಾತು ತಮಿಳಾದರೆ ಕನ್ನಡದಲ್ಲಿ ಬರೆದರೂ ಪಾಟಿ ಪಾಟಿಯೇ. ಆ ಹೆಸರನ್ನೇ ಮೊದಲ ಪದವಾಗಿ ಇಡಿ. ‘ಕೆಂಗೇರಿ ಅಜ್ಜೀ’ ಎಂದು ಶುರುವಾಗುವ ಸಾಲು ಬೇರೆ ಯಾರ ಮನೆಯಿಂದಲೂ ಬಂದಿರಲು ಸಾಧ್ಯವಿಲ್ಲ.

2. ನೀನೋ ನೀವೋ, ಬಾಯಲ್ಲಿ ಇದ್ದದ್ದೇ ಕೈಯಲ್ಲಿ ಇರಲಿ

ಮೊಮ್ಮಕ್ಕಳು ಅಜ್ಜಿಯನ್ನು ‘ನೀನು’ ಅನ್ನುವ ಮನೆಗಳು ಬೇಕಾದಷ್ಟಿವೆ. ಅದೇ ಅಜ್ಜಿಗೆ ಸೊಸೆ ‘ನೀವು’ ಅನ್ನುತ್ತಾಳೆ, ಅಳಿಯನೂ ‘ನೀವು’. ಎಡವಟ್ಟಾಗುವುದು ಕಾರ್ಡು ಕೈಗೆ ಬಂದಾಗ. ಬೆಳಗ್ಗೆ ತಾನೇ ‘ಅಜ್ಜಿ, ನನ್ನ ಚಾರ್ಜರ್ ಎಲ್ಲಿಟ್ಟೆ’ ಅಂತ ಕೂಗಿದ ಹುಡುಗ ಸಂಜೆ ‘ತಾವು ನಮ್ಮ ಕುಟುಂಬದ ಆಧಾರಸ್ತಂಭ’ ಅಂತ ಬರೆದರೆ ಅಜ್ಜಿಗೆ ಮದುವೆ ಕರೆಯೋಲೆ ಓದಿದಂತಾಗುತ್ತದೆ. ಮನೆಯವರೆಲ್ಲ ಸೇರಿ ಒಂದೇ ಕಾರ್ಡು ಕೊಡುವುದಾದರೆ ಒಬ್ಬರೇ ಬರೆದು ಎಲ್ಲರ ಸಹಿ ಹಾಕಿಸಬೇಡಿ. ಒಬ್ಬೊಬ್ಬರೂ ಒಂದೊಂದು ಸಾಲು ಬರೆಯಲಿ. ಸೊಸೆಯ ಸಾಲಿನಲ್ಲಿ ‘ನೀವು’, ಅದರ ಕೆಳಗೇ ಮೊಮ್ಮಗಳ ‘ನೀನು’. ಕ್ರಿಯಾಪದಗಳೂ ಆಡುವ ಹಾಗೇ ಇರಲಿ: ‘ಬರುತ್ತೇನೆ’ ಅಲ್ಲ, ‘ಬರ್ತೀನಿ’.

3. ಗುಣ ಬಿಡಿ, ಅವರು ಮಾಡುವ ಒಂದು ಕೆಲಸ ಹಿಡಿಯಿರಿ

ಏಳರಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಸೂತ್ರ ಇದೇ. ಪ್ರೀತಿ, ತ್ಯಾಗ, ತಾಳ್ಮೆ, ಮಮತೆ ಎಲ್ಲ ಅಜ್ಜಿಯರಿಗೂ ಹೊಂದುವ ಮಾತುಗಳು, ಹಾಗಾಗಿಯೇ ಫಾರ್ವರ್ಡ್ ಪದ್ಯಗಳು ಅವುಗಳಿಂದಲೇ ತುಂಬಿರುತ್ತವೆ. ನಿಮ್ಮ ಅಜ್ಜಿ ಮಾತ್ರ ಮಾಡುವ ಒಂದು ಕೆಲಸವೋ, ದಿನಾ ಆಡುವ ಒಂದು ಮಾತೋ ಸಿಕ್ಕರೆ ಅರ್ಧ ಬರೆದಂತೆ.

ವಿಜಯನಗರದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಅವರಿಗೆ ಮಂಡಿನೋವು. ನಡುಮನೆಯ ಕುರ್ಚಿಯಲ್ಲಿ ಕೂತೇ ಅಡುಗೆಮನೆ ಆಳುತ್ತಾರೆ. ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ಅವರದ್ದೇ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಕಾಳು ಹಿದುಕುತ್ತಾರೆ. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಮಾತ್ರ ಪುಸಕ್ಕನೆ ಪಾತ್ರೆಗೆ ಬೀಳುತ್ತದೆ. ಮೊಮ್ಮಗಳು ಹಿದುಕಿದರೆ ಸೋಫಾದ ಕೆಳಗೆ ಹಾರುತ್ತದೆ. ಕಾಲಿಗೆ ನಮಸ್ಕಾರ ಮಾಡಿದವರಿಗೆ ದಿಂಬಿನ ಕೆಳಗಿನ ಪರ್ಸಿನಿಂದ ನೂರು ರೂಪಾಯಿ ಬರುತ್ತದೆ. ಈ ಅಜ್ಜಿಗೆ ಮೊಮ್ಮಗಳು ಮೊದಲು ಹೀಗೆ ಬರೆಯುತ್ತಾಳೆ:

‘ಪ್ರೀತಿಯ ಅಜ್ಜಿ, ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ನೀವು ನಮ್ಮ ಮನೆಯ ನಂದಾದೀಪ. ಭಗವಂತ ನಿಮಗೆ ಆಯುರಾರೋಗ್ಯ ಐಶ್ವರ್ಯ ಕರುಣಿಸಲಿ.’

ತಪ್ಪೇನಿಲ್ಲ. ಆದರೆ ಪಕ್ಕದ ಮನೆ ಅಜ್ಜಿಗೂ ಸಲ್ಲುತ್ತದೆ. ಸರಿ, ಎರಡನೇ ಸಲ:

‘ಅಜ್ಜಿ, ನೀನು ಮಾಡೋ ಹಿದುಕಿದ ಬೇಳೆ ಸಾರು ತುಂಬಾ ಚೆನ್ನಾಗಿರುತ್ತೆ. ನಿನ್ನಂಥ ಅಜ್ಜಿ ಯಾರಿಗೂ ಸಿಗಲ್ಲ.’

‘ನೀನು’ ಬಂತು, ಸಾರು ಬಂತು, ಆದರೂ ಇದು ಮೆಚ್ಚುಗೆಪತ್ರ. ಚೆನ್ನಾಗಿರುತ್ತೆ ಅನ್ನುವುದು ಸಾರಿನ ಮಾತಾಯಿತೇ ಹೊರತು ಅಜ್ಜಿಯದಲ್ಲ. ಅಜ್ಜಿ ಏನು ಮಾಡುತ್ತಾರೆ, ಏನು ಅನ್ನುತ್ತಾರೆ ಎಂಬುದಿನ್ನೂ ಬಂದಿಲ್ಲ. ಮೂರನೇ ಸಲ:

‘ಅಜ್ಜೀ, ಇವತ್ತು ನಿನ್ನ ಹುಟ್ಟಿದಬ್ಬ. ಕುಕ್ಕರ್ ಕೂಗೋದನ್ನ ಇವತ್ತು ನಾನು ಎಣಿಸ್ತೀನಿ. ನೀನು ಕುರ್ಚೀಲಿ ಕೂತ್ಕೊಂಡು “ಮೂರಾಯ್ತು ಕಣೇ, ಆರ್ಸು” ಅಂತ ಕೂಗಿದ್ರೂ ಕೇಳಿಸ್ಕೊಳ್ಳಲ್ಲ. ಅವರೆಕಾಯಿ ಬರೋ ಹೊತ್ತಿಗೆ ಮಂಡಿನೋವು ಕಮ್ಮಿ ಆಗ್ಲಿ. ಹಿದುಕೋಕೆ ನಾನು ಬರ್ತೀನಿ, ಒಗ್ಗರಣೆ ನಿಂದೇ. ಸಾಯಂಕಾಲ ಬಂದು ಕಾಲಿಗೆ ಬೀಳ್ತೀನಿ, ನೂರು ರೂಪಾಯಿ ತೆಗೆದಿಟ್ಟಿರು.’

ಇಲ್ಲಿ ಪ್ರೀತಿ ಎಂಬ ಪದವೇ ಇಲ್ಲ. ‘ಶುಭಾಶಯ’ವೂ ಇಲ್ಲ, ಅದರ ಕೊರತೆಯೂ ಕಾಣುವುದಿಲ್ಲ. ಅಜ್ಜಿಯ ಮಾತೊಂದು ಹಾಗೆ ಹಾಗೇ ಬಂದಿದೆ, ಹಾರೈಕೆ ಅವರ ಮಂಡಿಯ ಅಳತೆಗೇ ಇದೆ, ಕೊನೆಗೆ ಅವರು ಮಾಡಬೇಕಾದ ಕೆಲಸವೂ ಒಂದಿದೆ. ನೂರು ರೂಪಾಯಿಯ ತಮಾಷೆಗೆ ಅಜ್ಜಿ ಬೈದೇ ಬೈಯುತ್ತಾರೆ. ಬೈದರೆ ಸಾಲು ಗೆದ್ದಿತು ಅಂತಲೇ ಲೆಕ್ಕ.

ಎಚ್ಚರಿಕೆ ಒಂದಿದೆ. ಅಂಥ ಸಂಗತಿ ಒಂದು, ಹೆಚ್ಚೆಂದರೆ ಎರಡು ಸಾಕು. ಹೋಳಿಗೆ, ರಂಗೋಲಿ, ಭಜನೆ, ಧಾರಾವಾಹಿ ಎಲ್ಲವನ್ನೂ ತುರುಕಿದರೆ ಅದು ಸನ್ಮಾನ ಸಮಾರಂಭದ ಪರಿಚಯ ಭಾಷಣವಾಗುತ್ತದೆ. ಇನ್ನು ಅಡುಗೆಯೇ ಯಾಕೆ ಬೇಕು? ಮೂವತ್ತು ವರ್ಷ ಕಾರ್ಖಾನೆಗೋ ಸ್ಕೂಲಿಗೋ ಬಸ್ಸು ಹತ್ತಿ ಹೋದ ಅಜ್ಜಿಗೆ ಸಾರಿನ ಹೊಗಳಿಕೆ ಬೇಜಾರೂ ತರಿಸಬಹುದು. ಅವರಿಗೆ ಬಸ್ಸಿನ ಮಾತೇ ಸರಿ.

4. ದೊಡ್ಡವರಿಗೆ ಆಶೀರ್ವಾದ ಮಾಡಲು ಹೋಗಬೇಡಿ

ನಮ್ಮಲ್ಲಿ ಆಶೀರ್ವಾದ ಹಿರಿಯರಿಂದ ಕಿರಿಯರಿಗೆ ಬರುವಂಥದ್ದು. ‘ಸುಖವಾಗಿ ಬಾಳಿ’, ‘ಒಳ್ಳೆಯದಾಗಲಿ’ ಅಜ್ಜಿ ಅನ್ನುವ ಮಾತುಗಳು. ಹತ್ತನೇ ಕ್ಲಾಸಿನ ಹುಡುಗ ಅಜ್ಜಿಗೆ ‘ನೂರ್ಕಾಲ ಸುಖವಾಗಿ ಬಾಳಿ’ ಅಂದರೆ ಕಾರ್ಯಕ್ರಮ ತಲೆಕೆಳಗಾಯಿತು. ಅವನದ್ದೇನಿದ್ದರೂ ಕೇಳಿಕೊಳ್ಳುವ ಮಾತು: ‘ನಮಸ್ಕಾರ ಮಾಡ್ತೀನಿ, ಆಶೀರ್ವಾದ ಮಾಡು. ಈ ಸಲ ಮ್ಯಾತ್ಸ್‌ಗೆ ಸ್ವಲ್ಪ ಜಾಸ್ತೀನೇ ಮಾಡು.’

‘ನೂರು ವರ್ಷ ಬಾಳಿ’ಯಲ್ಲಿ ಇನ್ನೊಂದು ತೊಡಕೂ ಇದೆ. ತೊಂಬತ್ತೆರಡಾದವರಿಗೆ ಹೇಳಿದರೆ ಇನ್ನು ಎಂಟೇ ವರ್ಷ ಎಂದು ಎಣಿಸಿಕೊಟ್ಟಂತೆ. ಹತ್ತಿರದ್ದನ್ನು ಹಾರೈಸಿ: ಕಣ್ಣಿನ ಆಪರೇಷನ್ ಸಲೀಸಾಗಲಿ, ಮೊಮ್ಮಗಳ ಮದುವೆಗೆ ನೀನೇ ಸೀರೆ ಆರಿಸು, ದಸರಾಕ್ಕೆ ಗೊಂಬೆ ಇಳಿಸೋಣ.

ಇದಕ್ಕಿಂತ ಸೂಕ್ಷ್ಮದ್ದು ಅಜ್ಜ ಇಲ್ಲದ ಮನೆಯದು. ಫಾರ್ವರ್ಡ್ ಪದ್ಯದಲ್ಲಿ ‘ಮುತ್ತೈದೆ’, ‘ದೀರ್ಘಸುಮಂಗಲಿ’, ‘ಅರಿಶಿನ ಕುಂಕುಮದ ಭಾಗ್ಯ’ ಇದ್ದಲ್ಲಿ ಓದದೆ ಕಳಿಸಿದವರಿಗೆ ಏನೂ ಅನ್ನಿಸುವುದಿಲ್ಲ, ಓದಿದವರಿಗೆ ಚುಚ್ಚುತ್ತದೆ. ಅಜ್ಜನ ನೆನಪು ತರಬಾರದೆಂದಲ್ಲ. ‘ತಾತ ಇದ್ದಿದ್ರೆ ಇವತ್ತು ಮೈಸೂರ್‌ಪಾಕ್ ಕಟ್ಟಿಸ್ಕೊಂಡು ಬರೋರು, ಆ ಕೆಲಸ ಈಗ ನಂದು’ ಎಂದರೆ ಅಜ್ಜಿಯೇ ಮುಂದಿನ ಕಥೆ ಹೇಳುತ್ತಾರೆ.

5. ಕೇಕಿನ ಮೇಲೆ ಆದಷ್ಟು ಕಡಿಮೆ

ಅಯ್ಯಂಗಾರ್ ಬೇಕರಿಯಲ್ಲಿ ಅರ್ಧ ಕೆಜಿ ಕೇಕಿನ ಮೇಲೆ ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಬರೆಸಲು ಹೋದರೆ ಒತ್ತಕ್ಷರಗಳೆಲ್ಲ ಕ್ರೀಮಿನಲ್ಲಿ ಕಲೆತು ಮುದ್ದೆಯಾಗುತ್ತವೆ. ಒಂದೇ ಪದ ಸಾಕು. ಅದನ್ನೂ ಬಾಯಲ್ಲಿ ಹೇಳಬೇಡಿ, ಚೀಟಿಯಲ್ಲಿ ದಪ್ಪಗೆ ಬರೆದುಕೊಡಿ. ಡಬ್ಬಿ ಮುಚ್ಚುವ ಮುಂಚೆ ಓದಿ ನೋಡಿ. ದೀಪ ಆರಿಸುವುದು ಅಜ್ಜಿಗೆ ಸೇರದಿದ್ದರೆ ಮೇಣದಬತ್ತಿ ಬಿಡಿ, ಆರತಿ ಎತ್ತಿ.

6. ಓದುವ ಕಣ್ಣು, ಕೇಳುವ ಕಿವಿ ನೋಡಿಕೊಂಡು ಕಳಿಸಿ

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಬಹಳ ಅಜ್ಜಿಯರು ಓದಲಾರರು; ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳಲು ಎರಡು ನಿಮಿಷವೂ ಬೇಡ. ಕಾರ್ಡಾದರೆ ಬಿಳಿ ಹಾಳೆ, ಕಪ್ಪು ಶಾಯಿ, ಬೆರಳಗಲ ಅಕ್ಷರ. ಹೊಳೆಯುವ ಹಾಳೆಯ ಮೇಲೆ ಬಂಗಾರದ ಶಾಯಿ ಪೊರೆ ಬಂದ ಕಣ್ಣಿಗೆ ಕಾಣುವುದಿಲ್ಲ.

ಓದು ಬಾರದ ಅಜ್ಜಿಗೆ ಧ್ವನಿಸಂದೇಶವೇ ಮೇಲು. ಅರ್ಧ ನಿಮಿಷ ಮೀರದಿರಲಿ. ಬರೆದುಕೊಂಡು ಓದಿದರೆ ಆಕಾಶವಾಣಿಯ ವಾರ್ತೆಯಾಗುತ್ತದೆ, ಎರಡು ಸಂಗತಿ ನೆನಪಿಟ್ಟುಕೊಂಡು ಆಡಿಬಿಡಿ. ಹಿಂದೆ ಹಾಡು ಹಾಕಬೇಡಿ: ಕಿವಿ ಮಂದವಾದವರಿಗೆ ಹಾಡೂ ಮಾತೂ ಕಲೆತು ಎರಡೂ ಕೇಳಿಸುವುದಿಲ್ಲ. ಫೋನು ಮಾಡುವುದಾದರೆ ರಾತ್ರಿ ಹನ್ನೆರಡಕ್ಕೆ ಬೇಡ. ಆ ಹೊತ್ತಿಗೆ ಫೋನು ಬಾರಿಸಿದರೆ ಅಜ್ಜಿ ಮೊದಲು ಕೇಳುವುದು ‘ಯಾರಿಗೇನಾಯ್ತು’ ಎಂದು.

7. ಯಾವ ದಿನ ಅಂತ ಮೊದಲೇ ಕೇಳಿಟ್ಟುಕೊಳ್ಳಿ

ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಮಾಗಡಿಯಲ್ಲೋ ಕುಣಿಗಲ್ಲಲ್ಲೋ ಮನೆಯಲ್ಲೇ ಹುಟ್ಟಿದ ಎಷ್ಟೋ ಅಜ್ಜಿಯರ ದಾಖಲೆಯ ತಾರೀಖು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ನಿಜವಾದ ದಿನ ಅವರ ಬಾಯಲ್ಲಿದೆ: ‘ಗೌರಿ ಹಬ್ಬದ ಹಿಂದಿನ ದಿನ’, ‘ಯುಗಾದಿ ಆಗಿ ಮೂರನೇ ದಿನ’. ತಿಥಿಯ ಲೆಕ್ಕದಲ್ಲಿ ಅದು ಇಂಗ್ಲಿಷ್ ತಾರೀಖಿಗೆ ಹೋಲಿಸಿದರೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಹೋದ ವರ್ಷದ ತಾರೀಖನ್ನು ಮೊಬೈಲಿನಲ್ಲಿ ಗುರುತು ಹಾಕಿಟ್ಟರೆ ಉಪಯೋಗವಿಲ್ಲ, ಗೋಡೆಯ ಪಂಚಾಂಗವನ್ನೇ ನೋಡಬೇಕು.

ಸಹಸ್ರಚಂದ್ರ ದರ್ಶನದ ಲೆಕ್ಕವೂ ಹೀಗೇ. ಸಾವಿರ ಹುಣ್ಣಿಮೆಗೆ ಸುಮಾರು 80 ವರ್ಷ 10 ತಿಂಗಳು ಹಿಡಿಯುತ್ತದೆ. ‘ಸಾವಿರ ಪೂರ್ಣಚಂದ್ರರನ್ನು ಕಂಡ ಮಹಾತಾಯಿ’ ಎಂಬುದು ಆಹ್ವಾನಪತ್ರಿಕೆಯವರು ಸವೆಸಿಬಿಟ್ಟ ಸಾಲು. ನಿಮಗೆ ನೆನಪಿರುವ ಒಂದು ಹುಣ್ಣಿಮೆ ಬರೆಯಿರಿ: ಬಸವೇಶ್ವರನಗರದ ಮನೆ ತಾರಸಿ, ಕರೆಂಟ್ ಹೋಗಿದ್ದು, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅಜ್ಜಿ ಕೈತುತ್ತು ಹಾಕಿದ್ದು.

ತಿಥಿಯ ದಿನ ಆಚರಣೆ ಮುಗಿದ ಮೇಲೆ ಆಧಾರ್ ಕಾರ್ಡಿನ ದಿನವೂ ಬರುತ್ತದೆ. ಬ್ಯಾಂಕಿನವರು, ವಿಮೆಯವರು ಅಂದೇ ಮೆಸೇಜು ಕಳಿಸುತ್ತಾರೆ, ಅಜ್ಜಿ ‘ಇವರಿಗೇನು ಗೊತ್ತು’ ಅಂತ ನಗುತ್ತಾರೆ. ಮೊದಲು ಬರೆದದ್ದನ್ನೇ ಆ ದಿನ ಮತ್ತೆ ಕಳಿಸಬೇಡಿ. ‘ಅಜ್ಜೀ, ಸರ್ಕಾರದ ಲೆಕ್ಕದಲ್ಲಿ ಇವತ್ತು ಇನ್ನೊಂದ್ಸಲ ಹುಟ್ಟಿದೀಯಂತೆ, ಇನ್ನೊಂದ್ಸಲ ಪಾಯಸ ಆಗ್ಲಿ’ ಅಂದರೆ ಸಾಕು.