ಹಣ ಪಡೆಯಲು ಪಿನ್ ಬೇಡ: ಖರೀದಿದಾರನ ವೇಷದಲ್ಲಿ ಬರುವ ಯುಪಿಐ ವಂಚನೆಯನ್ನು ಗುರುತಿಸುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಹಸು, ಹಳೆಯ ಪಂಪ್‌ಸೆಟ್, ಹೊಲಿಗೆ ಯಂತ್ರ, ದ್ವಿಚಕ್ರ ವಾಹನ ಮುಂತಾದವುಗಳನ್ನು ಮೊಬೈಲ್ ಮೂಲಕ ಮಾರಾಟಕ್ಕೆ ಇಡುವುದು ಗ್ರಾಮಗಳಲ್ಲಿಯೂ ರೂಢಿಗೆ ಬಂದಿದೆ. ಇಂತಹ ಮಾರಾಟಗಳಲ್ಲಿ ಹಣ ಕೊಡಬೇಕಾದ ಖರೀದಿದಾರನೇ ಮಾರಾಟಗಾರನ ಖಾತೆಯಿಂದ ಹಣ ತೆಗೆದುಕೊಳ್ಳುವ ವಂಚನೆಯೊಂದು ನಡೆಯುತ್ತಿದೆ. ಹಣ ಕಳೆದುಕೊಂಡವರು ಮೊದಲು ಬಂದು ಹೇಳಿಕೊಳ್ಳುವುದು ಬಹುಮಟ್ಟಿಗೆ ವಾರ್ಡಿನ ಸದಸ್ಯರ ಬಳಿಯೇ ಆಗಿರುವುದರಿಂದ, ಈ ವಂಚನೆ ನಡೆಯುವ ಕ್ರಮವನ್ನು ಸದಸ್ಯರು ತಿಳಿದಿರುವುದು ಅವಶ್ಯ.

1. ವ್ಯವಸ್ಥೆಯ ಸ್ವರೂಪ

ಯುಪಿಐ ವ್ಯವಸ್ಥೆಯಲ್ಲಿ ಹಣ ಎರಡು ಬಗೆಯಲ್ಲಿ ಚಲಿಸುತ್ತದೆ. ಮೊದಲನೆಯದರಲ್ಲಿ ಕೊಡುವವನು ತಾನಾಗಿಯೇ ಮೊತ್ತವನ್ನು ನಮೂದಿಸಿ ಕಳುಹಿಸುತ್ತಾನೆ. ಎರಡನೆಯದರಲ್ಲಿ ಪಡೆಯುವವನು ‘ಇಷ್ಟು ಹಣ ಕೊಡಿ’ ಎಂಬ ಕೋರಿಕೆಯನ್ನು ಕಳುಹಿಸುತ್ತಾನೆ. ಕೊಡುವವನು ಅದನ್ನು ಒಪ್ಪಿ ತನ್ನ ಪಿನ್ ಒತ್ತಿದಾಗ ಹಣ ಹೋಗುತ್ತದೆ. ಎರಡೂ ಬಗೆಗಳಲ್ಲಿ ಪಿನ್ ಒತ್ತುವವನು ಹಣ ಕೊಡುವವನೇ ಹೊರತು ಪಡೆಯುವವನಲ್ಲ. ಚೆಕ್ಕಿನ ಮೇಲೆ ಸಹಿಗೆ ಇರುವ ಸ್ಥಾನವೇ ಇಲ್ಲಿ ಪಿನ್‌ಗೆ ಇದೆ. ಚೆಕ್ಕಿಗೆ ಸಹಿ ಹಾಕಿದವನ ಖಾತೆಯಿಂದ ಹಣ ಹೋಗುತ್ತದೆಯೇ ವಿನಾ ಅವನ ಖಾತೆಗೆ ಬರುವುದಿಲ್ಲ.

ಹಣ ಪಡೆಯುವವನು ತನ್ನ ಮೊಬೈಲ್ ಸಂಖ್ಯೆ ಅಥವಾ ಯುಪಿಐ ವಿಳಾಸವನ್ನು ತಿಳಿಸಿದರೆ ಸಾಕು. ಆಮೇಲೆ ಅವನು ಏನನ್ನೂ ಒತ್ತಬೇಕಾಗಿಲ್ಲ. ಅವನ ಮೊಬೈಲ್ ಸ್ವಿಚ್ ಆಫ್ ಆಗಿದ್ದರೂ ಹಣ ಖಾತೆಗೆ ಜಮೆಯಾಗುತ್ತದೆ.

2. ಪ್ರಕರಣ ಅಧ್ಯಯನ

ಒಬ್ಬ ರೈತನು ತನ್ನ ಎಚ್.ಎಫ್. ಹಸುವನ್ನು 55,000 ರೂಪಾಯಿಗೆ ಮಾರಲು ಇಚ್ಛಿಸಿ, ಅದರ ಚಿತ್ರ ಹಾಗೂ ತನ್ನ ಮೊಬೈಲ್ ಸಂಖ್ಯೆಯನ್ನು ಮಾರಾಟದ ಜಾಲತಾಣದಲ್ಲಿ ಹಾಕಿದನೆಂದು ಭಾವಿಸೋಣ. ಒಂದು ಗಂಟೆಯೊಳಗೆ ಕರೆ ಬರುತ್ತದೆ. ಕರೆ ಮಾಡಿದವನು ತಾನು ಸೈನ್ಯದಲ್ಲಿರುವುದಾಗಿಯೂ, ಊರಿನಲ್ಲಿರುವ ತಂದೆಗಾಗಿ ಹಸು ಬೇಕೆಂದೂ, ನಾಳೆ ಟೆಂಪೋ ಕಳುಹಿಸುವುದಾಗಿಯೂ ಹೇಳುತ್ತಾನೆ. ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲು ಕೇಳುವುದಿಲ್ಲ. “ಹಸು ಬೇರೆಯವರಿಗೆ ಕೊಡಬೇಡಿ ಅಣ್ಣ, ಈಗಲೇ ಹತ್ತು ಸಾವಿರ ಮುಂಗಡ ಹಾಕುತ್ತೇನೆ” ಎನ್ನುತ್ತಾನೆ.

ಮೊದಲ ಎಚ್ಚರಿಕೆ ಇಲ್ಲಿಯೇ ಇದೆ. ಹಸು ಕೊಳ್ಳುವವನು ಎಷ್ಟನೆಯ ಸೂಲು, ಹೊತ್ತಿಗೆ ಎಷ್ಟು ಲೀಟರ್ ಹಾಲು, ಗಬ್ಬವಾಗಿದೆಯೇ ಎಂದು ವಿಚಾರಿಸುತ್ತಾನೆ. ಕೆಚ್ಚಲು ಮುಟ್ಟಿ ನೋಡದೆ ಮುಂಗಡ ಕೊಡುವುದಿಲ್ಲ. ಈ ಖರೀದಿದಾರನು ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. ಅವನಿಗೆ ಬೇಕಾಗಿರುವುದು ಹಸುವಲ್ಲ.

ಅನಂತರ ಅವನು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕ್ಯೂಆರ್ ಸಂಕೇತವನ್ನು ಕಳುಹಿಸಿ, “ಖಾತೆ ಸರಿಯಿದೆಯೇ ಎಂದು ನೋಡಲು ಒಂದು ರೂಪಾಯಿಯಿಂದ ಪರೀಕ್ಷಿಸೋಣ” ಎನ್ನುತ್ತಾನೆ. ರೈತನು ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತಾನೆ. ಅವನ ಖಾತೆಯಿಂದ 1 ರೂಪಾಯಿ ಹೋಗುತ್ತದೆ. ಆದರೆ ಕ್ಷಣಮಾತ್ರದಲ್ಲಿ ವಂಚಕನು ತಾನಾಗಿಯೇ 2 ರೂಪಾಯಿ ಕಳುಹಿಸುತ್ತಾನೆ. ಹಣ ಬಂದಿತೆಂಬ ಸಂದೇಶವನ್ನು ಕಂಡ ರೈತನು, ಪಿನ್ ಒತ್ತಿದ್ದರಿಂದಲೇ ಹಣ ಬಂದಿತೆಂದು ತಿಳಿಯುತ್ತಾನೆ. ವಾಸ್ತವವಾಗಿ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ವ್ಯವಹಾರಗಳು. ಈ ತಪ್ಪು ತಿಳಿವಳಿಕೆಯನ್ನು ಮೂಡಿಸಲೆಂದೇ ವಂಚಕನು 2 ರೂಪಾಯಿ ಖರ್ಚು ಮಾಡಿದ್ದಾನೆ.

ಮುಂದೆ 10,000 ರೂಪಾಯಿಯ ಕೋರಿಕೆ ಅಥವಾ ಮತ್ತೊಂದು ಕ್ಯೂಆರ್ ಸಂಕೇತ ಬರುತ್ತದೆ. ರೈತನು ಮೊದಲಿನಂತೆಯೇ ಪಿನ್ ಒತ್ತುತ್ತಾನೆ. 10,000 ರೂಪಾಯಿ ಹೋಗುತ್ತದೆ. ಗಾಬರಿಯಿಂದ ಕರೆ ಮಾಡಿದರೆ, “ಸರ್ವರ್ ತೊಂದರೆ ಅಣ್ಣ, 20,000ಕ್ಕೆ ಇನ್ನೊಮ್ಮೆ ಒಪ್ಪಿಗೆ ಕೊಡಿ, ಹೋದದ್ದೂ ಸೇರಿ ಬರುತ್ತದೆ” ಎಂಬ ಉತ್ತರ ದೊರೆಯುತ್ತದೆ. ಹೋದ ಹಣವನ್ನು ಮರಳಿ ಪಡೆಯುವ ಆತುರದಲ್ಲಿ ರೈತನು ಅದನ್ನೂ ಮಾಡುತ್ತಾನೆ. ಹೀಗೆ ಹತ್ತು ನಿಮಿಷಗಳಲ್ಲಿ 30,000 ರೂಪಾಯಿ ನಷ್ಟವಾಗುತ್ತದೆ. ಮೊದಲ ಸಲ ಹಣ ಹೋದಾಗಲೇ ನಿಲ್ಲಿಸಿದ್ದರೆ ನಷ್ಟ ಮೂರನೇ ಒಂದು ಭಾಗಕ್ಕೆ ಸೀಮಿತವಾಗುತ್ತಿತ್ತು.

3. ಪರದೆಯನ್ನು ಓದುವ ಕ್ರಮ

ಮೊಬೈಲ್ ಪರದೆಯ ಮೇಲೆ ಕಾಣುವ ಮಾತುಗಳಲ್ಲಿ ಎರಡು ವಿಧ. ‘Pay’, ‘Decline’, ‘Enter UPI PIN’ ಎಂಬುವು ಹಾಗೂ ಮೊತ್ತದ ಅಂಕಿ ವ್ಯವಸ್ಥೆಯೇ ತೋರಿಸುವಂಥವು. ಅವು ಸತ್ಯವನ್ನೇ ಹೇಳುತ್ತವೆ. ಆದರೆ ಕೋರಿಕೆಯೊಂದಿಗೆ ಬರುವ ಟಿಪ್ಪಣಿಯನ್ನು ಬರೆಯುವವನು ಕೋರಿಕೆ ಕಳುಹಿಸಿದವನೇ. ‘ಹಸುವಿನ ಮುಂಗಡ ಜಮೆ’ ಎಂದೋ ‘ರೀಫಂಡ್’ ಎಂದೋ ಅವನು ಏನನ್ನು ಬೇಕಾದರೂ ಬರೆಯಬಹುದು. ಆದುದರಿಂದ ಟಿಪ್ಪಣಿಯನ್ನು ನಂಬದೆ ಗುಂಡಿಯನ್ನು ಓದಬೇಕು. ಗುಂಡಿಯ ಮೇಲೆ ‘Pay’ ಎಂದಿದ್ದರೆ, ಕರೆಯಲ್ಲಿರುವವನು ಏನೇ ಹೇಳಲಿ, ಅದು ಹಣ ಕೊಡುವ ಗುಂಡಿ. ಅಂತಹ ಕೋರಿಕೆ ಬಂದಾಗ ‘Decline’ ಒತ್ತಿ ಕರೆಯನ್ನು ಕಡಿತಗೊಳಿಸಬೇಕು.

ಖಾತೆಯ ಶಿಲ್ಕು ನೋಡುವಾಗಲೂ ಪಿನ್ ಕೇಳಲಾಗುತ್ತದೆಯಲ್ಲವೇ ಎಂದು ಗ್ರಾಮಸ್ಥರು ಪ್ರಶ್ನಿಸಬಹುದು. ಅದು ನಿಜ. ಆದರೆ ಅಲ್ಲಿ ಹಣ ಪಡೆಯುವವನ ಹೆಸರಾಗಲಿ ಮೊತ್ತವಾಗಲಿ ಇರುವುದಿಲ್ಲ. ಪಿನ್ ಕೇಳುವ ಪುಟದಲ್ಲಿ ಬೇರೆಯವರ ಹೆಸರು ಮತ್ತು ಮೊತ್ತ ಕಂಡುಬಂದರೆ ಆ ಹಣ ಹೋಗುವಂಥದ್ದೇ.

ಈ ವಂಚನೆಯನ್ನು ತಡೆಯಲು, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಹಣದ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸೂಚಿಸಿದೆ. ಆದರೆ ಈ ಸೂಚನೆಯು ವ್ಯಾಪಾರಿ ಖಾತೆಗಳ ಕೋರಿಕೆಗಳಿಗೆ ಅನ್ವಯಿಸುವುದಿಲ್ಲ. ಕ್ಯೂಆರ್ ಸಂಕೇತಗಳನ್ನೂ ತಡೆಯುವುದಿಲ್ಲ. ವಂಚಕರಿಗೆ ಈ ದಾರಿಗಳು ಉಳಿದಿರುವುದರಿಂದ ಎಚ್ಚರಿಕೆಯನ್ನು ಸಡಿಲಿಸುವಂತಿಲ್ಲ.

4. ಹಣ ಹೋದ ನಂತರ ಮಾಡಬೇಕಾದುದು

ವಂಚಕನ ಖಾತೆಗೆ ಸೇರಿದ ಹಣವನ್ನು ಬೇರೆ ಖಾತೆಗಳಿಗೆ ವರ್ಗಾಯಿಸುವ ಮುನ್ನ ಅಥವಾ ಎಟಿಎಂನಲ್ಲಿ ತೆಗೆಯುವ ಮುನ್ನ ತಡೆಹಿಡಿಯುವುದೇ ಮುಖ್ಯ ಉಪಾಯ. ಇದಕ್ಕಾಗಿ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ್ಯಪ್‌ನ ವ್ಯವಹಾರ ವಿವರದಲ್ಲಿ ಕಾಣುವ 12 ಅಂಕಿಗಳ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಮತ್ತು ತಮ್ಮ ಬ್ಯಾಂಕಿನ ಹೆಸರನ್ನು ಕರೆಗೆ ಮೊದಲೇ ಬರೆದಿಟ್ಟುಕೊಳ್ಳುವುದು ಒಳಿತು. ಈ ವಿವರಗಳ ಆಧಾರದಿಂದ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗಿ, ಖಾತೆಯಲ್ಲಿ ಉಳಿದಿರುವಷ್ಟು ಹಣವನ್ನು ತಡೆಹಿಡಿಯಲಾಗುತ್ತದೆ. ಆಮೇಲೆ cybercrime.gov.in ತಾಣದಲ್ಲಿ ದೂರನ್ನು ದಾಖಲಿಸಿ, ತಮ್ಮ ಬ್ಯಾಂಕ್ ಶಾಖೆಗೂ ತಿಳಿಸಬೇಕು.

ಪಿನ್ ಅನ್ನು ಖಾತೆದಾರನೇ ಒತ್ತಿರುವ ಕಾರಣ, ಬ್ಯಾಂಕು ನಷ್ಟ ತುಂಬಿಕೊಡುತ್ತದೆಂದು ನಿರೀಕ್ಷಿಸುವಂತಿಲ್ಲ. ತೆಗೆದು ಖರ್ಚಾದ ಹಣವನ್ನು ತಡೆಹಿಡಿಯಲೂ ಆಗದು. ನಾಚಿಕೆಯಿಂದಲೋ ಮನೆಯವರ ಭಯದಿಂದಲೋ ಮರುದಿನದವರೆಗೆ ಸುಮ್ಮನಿದ್ದವರಿಗೆ ಹಣ ಮರಳುವ ಸಾಧ್ಯತೆ ಬಹಳ ಕಡಿಮೆ. ಸದಸ್ಯರ ಬಳಿಗೆ ಯಾರಾದರೂ ಬಂದು ಹೇಳಿಕೊಂಡಲ್ಲಿ, ತಪ್ಪು ಯಾರದೆಂದು ವಿಚಾರಿಸುವ ಮೊದಲು ಅವರ ಮೊಬೈಲ್‌ನಿಂದಲೇ 1930ಕ್ಕೆ ಕರೆ ಮಾಡಿಸತಕ್ಕದ್ದು.

ಮುಂದಿನ ವಾರ್ಡ್ ಸಭೆಯಲ್ಲಿ ಮೇಲಿನ ಹಸುವಿನ ಪ್ರಕರಣವನ್ನು ಓದಿ ಹೇಳಿ, ಕೆಳಗಿನ ವಾಕ್ಯವನ್ನು ಪಂಚಾಯತಿ ಕಚೇರಿ, ಹಾಲು ಉತ್ಪಾದಕರ ಸಂಘ ಹಾಗೂ ನ್ಯಾಯಬೆಲೆ ಅಂಗಡಿಯ ಸೂಚನಾ ಫಲಕಗಳಲ್ಲಿ ಬರೆಸಬಹುದು:

“ಹಣ ಕೊಡುವವನು ಪಿನ್ ಒತ್ತುತ್ತಾನೆ, ಪಡೆಯುವವನು ಏನನ್ನೂ ಒತ್ತುವುದಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.”