ಕಸದ ಸೆಲ್ ವಿನ್ಯಾಸ: ನಮ್ಮ ಕಡೆ ಲೆಕ್ಕ ಮಳೆಯದ್ದೇ

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ, ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂತು. ನೀರು ಕುಡಿದ ಕಸ ಭಾರವಾಗುತ್ತದೆ. ಒಳಗೆ ನೀರಿನ ಒತ್ತಡ ಏರಿದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಒಂದು ಊರಿಗೆ ಸುಮಾರು ಒಂದು ಎಕರೆಯ, ಅಂದರೆ 4,000 ಚದರ ಮೀಟರಿನ ಸೆಲ್ ವಿನ್ಯಾಸ ಮಾಡಬೇಕು ಅಂತಿಟ್ಟುಕೊಳ್ಳಿ.

ಲೈನರ್

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೇಳಿದ್ದು ಎರಡು ಪದರ: ಕೆಳಗೆ 90 ಸೆಂ.ಮೀ. ಗಟ್ಟಿಸಿದ ಜೇಡಿಮಣ್ಣು, ಮೇಲೆ 1.5 ಮಿ.ಮೀ. ಎಚ್‌ಡಿಪಿಇ ಹಾಳೆ. ಮಣ್ಣಿನಲ್ಲಿ ನೀರು ಇಳಿಯುವ ವೇಗ (k) 10⁻⁹ m/s ಮೀರಬಾರದು. ನಮ್ಮ ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿದು ಬಾವಿ ಸೇರುತ್ತದೆ. ಅದರಡಿಯ ಶೇಡಿಮಣ್ಣು ಮುಟ್ಟಲು ನುಣುಪಾದರೂ ನೀರಿಗೆ ಕೊಚ್ಚಿಹೋಗುವಂಥದ್ದು. ಬೆಂಟೊನೈಟ್ ಬೆರೆಸಿ, ಲ್ಯಾಬಲ್ಲಿ k ಅಳೆಯದೆ ಅದನ್ನು ನಂಬಬಾರದು.

ಕೊಳಚೆ ನೀರಿನ ಪೈಪು

ಲೈನರ್ ಮೇಲೆ 30 ಸೆಂ.ಮೀ. ಜಲ್ಲಿ, ಅದರೊಳಗೆ ತೂತಿನ ಪೈಪು, ಶೇ. 2ರ ಇಳಿಜಾರು. ಇದೆಲ್ಲ ಏಕೆಂದರೆ, ಲೈನರ್ ಮೇಲೆ ನಿಲ್ಲುವ ನೀರು 30 ಸೆಂ.ಮೀ. ದಾಟಬಾರದು. ಹಾಳೆ ಇಲ್ಲದೆ ಮಣ್ಣು ಮಾತ್ರ ಇದೆ ಎಂದುಕೊಂಡು ಡಾರ್ಸಿ ಸೂತ್ರ ಹಾಕಿ ನೋಡೋಣ:

```
Q = k × i × A
i = (0.3 + 0.9) / 0.9 = 1.33
Q = 10⁻⁹ × 1.33 × 4000 = 5.3 × 10⁻⁶ m³/s
```

ದಿನಕ್ಕೆ ಸುಮಾರು 460 ಲೀಟರ್. ಪೈಪು ಕಟ್ಟಿ ನೀರು 3 ಮೀಟರ್ ಏರಿದರೆ ಇದು 1,500 ಲೀಟರ್ ಆಗುತ್ತದೆ. ಹಾಳೆಯ ಬೆಸುಗೆ ಸರಿಯಿದ್ದರೆ ಸೋರಿಕೆ ತೀರಾ ಕಡಿಮೆ. ಒಂದು ತೂತು ಬಿದ್ದರೂ ಮೇಲಿನ ನೀರೇ ಅದನ್ನು ಒತ್ತಿ ಕೆಳಗಿಳಿಸುತ್ತದೆ.

ಗ್ಯಾಸ್ ಪೈಪು

ಒದ್ದೆ ಕಸದಲ್ಲಿ ಮೀಥೇನ್ ಬೇಗ ಹುಟ್ಟುತ್ತದೆ. ಜಲ್ಲಿ ತುಂಬಿದ ಗುಂಡಿಯಲ್ಲಿ ತೂತಿನ ಪೈಪನ್ನು ನೆಟ್ಟಗೆ ನಿಲ್ಲಿಸಿ, ಕಸ ಏರಿದಂತೆ ಪೈಪನ್ನೂ ಏರಿಸುತ್ತಾ ಹೋಗಬೇಕು. ಪೈಪಿನೊಳಗೆ ನೀರು ನಿಂತರೆ ಆ ಎತ್ತರದವರೆಗೆ ಗ್ಯಾಸಿಗೆ ದಾರಿಯಿಲ್ಲ. ಅದು ಪಕ್ಕದ ಮಣ್ಣಿಗೆ ನುಗ್ಗುತ್ತದೆ. ಹಾಗಾಗಿ ಇದೇ ಪೈಪಿಗೆ ಅಳತೆ ಟೇಪು ಇಳಿಸಿದರೆ ತಳದ ಪೈಪು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಸುಳಿವೂ ಸಿಗುತ್ತದೆ.

ಮಳೆ

ಜುಲೈಯಲ್ಲಿ 1,200 ಮಿ.ಮೀ. ಮಳೆ ಅಂತ ಹಿಡಿಯಿರಿ. ಇಡೀ ಸೆಲ್ ತೆರೆದಿದ್ದರೆ ತಿಂಗಳಿಗೆ 4,800 ಘನ ಮೀಟರ್, ದಿನಕ್ಕೆ 155 ಘನ ಮೀಟರ್ ನೀರು ಕಸದ ಮೇಲೆ ಬೀಳುತ್ತದೆ. ಮುಕ್ಕಾಲು ಭಾಗ ಮುಚ್ಚಿ, ಅಲ್ಲಿನ ಶುದ್ಧ ನೀರನ್ನು ಬೇರೆ ಚರಂಡಿಗೆ ಬಿಟ್ಟರೆ ದಿನಕ್ಕೆ 39ಕ್ಕೆ ಇಳಿಯುತ್ತದೆ. ಕೊಳಚೆ ನೀರಿನ ಹೊಂಡ, ಪಂಪು, ಶುದ್ಧೀಕರಣ ಘಟಕ ಎಲ್ಲದರ ಗಾತ್ರವೂ ಅದರೊಂದಿಗೆ ಇಳಿಯುತ್ತದೆ. ಆದ್ದರಿಂದ ಡ್ರಾಯಿಂಗಲ್ಲಿ ಮೊದಲು ಗುರುತಿಸಬೇಕಾದದ್ದು, ಮೇ ಕೊನೆಗೆ ಎಷ್ಟು ಜಾಗ ತೆರೆದಿರಬೇಕು ಎಂಬ ಗೆರೆ.